ಹಣವಿದೆ, ದಾರಿಯಿಲ್ಲ: ಲೈಟ್ನಿಂಗ್ ಪಾವತಿ ಸೋಲುವ ಬಗೆ

ಬಿಟ್‌ಕಾಯಿನ್‌ನ ಲೈಟ್ನಿಂಗ್ ಜಾಲದಲ್ಲಿ ಕಳಿಸುವವರ ವಾಲೆಟ್‌ನಲ್ಲಿ ಬೇಕಾದಷ್ಟು ಹಣವಿದ್ದರೂ ಪಾವತಿ ಸೋಲುವುದುಂಟು. ಪಡೆಯುವವರ ಇನ್‌ವಾಯ್ಸ್ ಸರಿಯಾಗಿರುತ್ತದೆ, ಇಂಟರ್‌ನೆಟ್ ಸರಿಯಾಗಿರುತ್ತದೆ, ಆದರೂ ಕೆಲವು ಕ್ಷಣ ಚಕ್ರ ತಿರುಗಿ ‘ದಾರಿ ಸಿಗಲಿಲ್ಲ’ ಎಂಬರ್ಥದ ಒಂದು ಸಾಲು ಪರದೆಯ ಮೇಲೆ ಬರುತ್ತದೆ. ಹಣ ಕಳೆದುಹೋಗಿರುವುದಿಲ್ಲ. ಅದು ಹೊರಟ ಜಾಗದಿಂದ ಗುರಿಯವರೆಗೆ ಒಂದು ಕೊಂಡಿಯಲ್ಲಿ ಮುಂದಕ್ಕೆ ಸರಿಯಲಾಗದೆ ಹಿಂದಕ್ಕೆ ಬಂದಿರುತ್ತದೆ. ಯಾವ ಕೊಂಡಿಯಲ್ಲಿ ನಿಂತಿತು ಎಂಬುದು ತಿಳಿದರೆ ಮುಂದೇನು ಮಾಡಬೇಕು ಎಂಬುದೂ ಬಹುಮಟ್ಟಿಗೆ ತಿಳಿಯುತ್ತದೆ. ಕಳಿಸುವವರ ಸ್ವಂತ ಚಾನಲ್, ನಡುವಿನ ಅಪರಿಚಿತರ ಚಾನಲ್‌ಗಳು, ಪಡೆಯುವವರ ಬಾಗಿಲಿನ ಚಾನಲ್: ಈ ಮೂರು ಕಡೆಯ ಅಡಚಣೆಗಳಿಗೆ ಮದ್ದು ಬೇರೆ ಬೇರೆ.

ಜೋಸೆಫ್ ಪೂನ್ ಮತ್ತು ಥ್ಯಾಡಿಯಸ್ ಡ್ರೈಜಾ 2016ರ ಜನವರಿಯಲ್ಲಿ ಹೊರತಂದ ಪ್ರಬಂಧ ಈ ಜಾಲದ ಮೂಲ. ನಿಜವಾದ ಬಿಟ್‌ಕಾಯಿನ್‌ನೊಂದಿಗೆ ಅದು ಸಾರ್ವಜನಿಕ ಬಳಕೆಗೆ ಬಂದದ್ದು 2018ರಲ್ಲಿ. ಇದರ ಘಟಕ ‘ಚಾನಲ್’. ಇಬ್ಬರು ತಮ್ಮ ನಡುವೆ ಒಂದಿಷ್ಟು ಬಿಟ್‌ಕಾಯಿನ್‌ನ್ನು ಇಬ್ಬರ ಸಹಿಯೂ ಬೇಕಾಗುವ ಖಾತೆಗೆ ಹಾಕಿ ಚಾನಲ್ ತೆರೆಯುತ್ತಾರೆ. ಆ ಹಣದಲ್ಲಿ ಯಾರದೆಷ್ಟು ಎಂಬ ಲೆಕ್ಕವನ್ನು ಇಬ್ಬರೂ ಬ್ಲಾಕ್‌ಚೈನ್‌ನ ಹೊರಗೆ, ತಮ್ಮತಮ್ಮಲ್ಲೇ ತಿದ್ದಿಕೊಳ್ಳುತ್ತ ಹೋಗುತ್ತಾರೆ. ಹಳೆಯ ಸ್ಲೇಟಿನ ಚೌಕಟ್ಟಿನಲ್ಲಿ ತಂತಿಗೆ ಪೋಣಿಸಿದ ಮಣಿಗಳಿದ್ದಂತೆ ಇದು: ತಂತಿಯಲ್ಲಿರುವ ಮಣಿಗಳ ಒಟ್ಟು ಸಂಖ್ಯೆ ಬದಲಾಗುವುದಿಲ್ಲ, ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಸರಿಯುತ್ತವೆ ಅಷ್ಟೆ. ಒಂದು ಬದಿಯ ಮಣಿಗಳೆಲ್ಲ ಮುಗಿದ ಮೇಲೆ ಆ ಬದಿಯವರು ಮತ್ತೊಂದನ್ನೂ ದಾಟಿಸಲಾರರು.

ಒಟ್ಟು ಮೊತ್ತ ಚಾನಲ್‌ನ ‘ಸಾಮರ್ಥ್ಯ’. ಒಬ್ಬೊಬ್ಬರ ಬದಿಯಲ್ಲಿ ಸದ್ಯ ಇರುವುದು ಅವರವರ ‘ಶಿಲ್ಕು’. ಸಾರ್ವಜನಿಕ ಚಾನಲ್‌ನ ಸಾಮರ್ಥ್ಯ ಜಾಲದ ಎಲ್ಲರಿಗೂ ತಿಳಿದಿರುತ್ತದೆ, ಏಕೆಂದರೆ ನೋಡ್‌ಗಳು ಆ ಮಾಹಿತಿಯನ್ನು ಒಂದಕ್ಕೊಂದು ಹೇಳಿಕೊಳ್ಳುತ್ತ ಹರಡುತ್ತವೆ. ದಾಟಿಸುವ ಶುಲ್ಕ, ದಾಟಿಸಬಹುದಾದ ಕನಿಷ್ಠ ಮತ್ತು ಗರಿಷ್ಠ ಮೊತ್ತ ಇವೂ ಆ ಮಾಹಿತಿಯಲ್ಲಿರುತ್ತವೆ. ಶಿಲ್ಕು ಮಾತ್ರ ಆ ಇಬ್ಬರಿಗಷ್ಟೇ ಗೊತ್ತು. ಇದಕ್ಕೆ ಎರಡು ಕಾರಣಗಳಿವೆ. ಪ್ರತಿ ಪಾವತಿಗೂ ಶಿಲ್ಕು ಬದಲಾಗುವುದರಿಂದ ಅದನ್ನು ಎಲ್ಲರಿಗೂ ಸಾರುತ್ತ ಕುಳಿತರೆ ಜಾಲವೇ ಸುದ್ದಿಯ ಭಾರಕ್ಕೆ ಕುಸಿಯುತ್ತದೆ. ಸಾರಿದರೆ ಯಾರು ಯಾರಿಗೆ ಎಷ್ಟು ಕೊಟ್ಟರೆಂದು ನೋಡುಗರು ಕಂಡುಹಿಡಿಯುವುದೂ ಸುಲಭವಾಗುತ್ತದೆ.

ಈ ಒಂದು ಮರೆಮಾಚುವಿಕೆಯೇ ಬಹುಪಾಲು ಸೋಲುಗಳ ತಾಯಿಬೇರು. ಲೈಟ್ನಿಂಗ್‌ನಲ್ಲಿ ದಾರಿ ಹುಡುಕುವ ಹೊಣೆ ಕಳಿಸುವವರ ನೋಡ್‌ನದು. ಅದು ತನ್ನಲ್ಲಿರುವ ಜಾಲದ ನಕ್ಷೆಯನ್ನು ನೋಡಿ, ತನ್ನಿಂದ ಗುರಿಯವರೆಗಿನ ಎಲ್ಲ ಕೊಂಡಿಗಳನ್ನು ಮೊದಲೇ ತೀರ್ಮಾನಿಸಿ, ಪದರಪದರವಾಗಿ ಗೂಢಲಿಪಿಯಲ್ಲಿ ಸುತ್ತಿ ಕಳಿಸುತ್ತದೆ. ನಡುವಿನ ನೋಡ್‌ಗೆ ತನ್ನ ಹಿಂದಿನವರು ಮತ್ತು ಮುಂದಿನವರು ಯಾರೆಂದಷ್ಟೇ ತಿಳಿಯುತ್ತದೆ. ನಕ್ಷೆಯಲ್ಲಿ ರಸ್ತೆಯ ಅಗಲವಿದೆ, ಆ ಹೊತ್ತಿಗೆ ಅದರಲ್ಲಿ ಯಾವ ದಿಕ್ಕಿಗೆ ಎಷ್ಟು ಸಾಗಬಹುದು ಎಂಬುದಿಲ್ಲ. ಹಾಗಾಗಿ ಪ್ರತಿಯೊಂದು ಪಾವತಿಯೂ ಒಂದು ಊಹೆಯಿಂದ ಶುರುವಾಗುತ್ತದೆ, ಊಹೆ ತಪ್ಪಿದಾಗ ನೋಡ್ ಇನ್ನೊಂದನ್ನು ಪ್ರಯತ್ನಿಸುತ್ತದೆ. ವಾಲೆಟ್‌ನ ಚಕ್ರ ತಿರುಗುವ ಆ ಕೆಲವು ಕ್ಷಣಗಳಲ್ಲಿ ನಡೆಯುತ್ತಿರುವುದು ಇದೇ.

ಊಹೆ ಎಷ್ಟು ಸಲ ಫಲಿಸೀತು ಎಂಬುದಕ್ಕೆ ರೆನೆ ಪಿಕ್‌ಹಾರ್ಟ್ ಮತ್ತು ಸ್ಟೆಫಾನ್ ರಿಕ್ಟರ್ 2021ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸರಳವಾದ ಲೆಕ್ಕವಿದೆ. ಚಾನಲ್‌ನ ಶಿಲ್ಕು ಸೊನ್ನೆಯಿಂದ ಪೂರ್ತಿ ಸಾಮರ್ಥ್ಯದವರೆಗೆ ಎಲ್ಲಿ ಬೇಕಾದರೂ ಸಮಸಂಭವವಾಗಿ ಇರಬಹುದು ಎಂದು ಇಟ್ಟುಕೊಳ್ಳೋಣ. ಆಗ 10 ಲಕ್ಷ ಸತೋಶಿ ಸಾಮರ್ಥ್ಯದ ಚಾನಲ್‌ನಲ್ಲಿ 5 ಲಕ್ಷ ದಾಟುವ ಸಂಭವ ಅರ್ಧ. ಒಂದು ಬಿಟ್‌ಕಾಯಿನ್ ಎಂದರೆ 10 ಕೋಟಿ ಸತೋಶಿ. ಅಂಥ ಮೂರು ಚಾನಲ್‌ಗಳನ್ನು ಸಾಲಾಗಿ ದಾಟಬೇಕಾದರೆ ಅರ್ಧದ ಅರ್ಧದ ಅರ್ಧ, ಅಂದರೆ ಎಂಟರಲ್ಲಿ ಒಂದು. ಅದೇ ದಾರಿಯಲ್ಲಿ 1,25,000 ಕಳಿಸಿದರೆ ಒಂದೊಂದು ಚಾನಲ್‌ನ ಸಂಭವ ಎಂಟರಲ್ಲಿ ಏಳು, ಮೂರನ್ನೂ ದಾಟುವ ಸಂಭವ ಸುಮಾರು ಮೂರರಲ್ಲಿ ಎರಡು. ಮೊತ್ತ ಕಾಲುಭಾಗಕ್ಕೆ ಇಳಿದಾಗ ಗೆಲ್ಲುವ ಸಾಧ್ಯತೆ ಐದು ಪಟ್ಟಿಗಿಂತ ಹೆಚ್ಚಾಯಿತು. ಸಣ್ಣ ಪಾವತಿ ಸಲೀಸಾಗಿ ಹೋಗಿ ದೊಡ್ಡದು ಸಿಕ್ಕಿಬೀಳುವುದು ಏಕೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಸೋಲಿನ ಸುದ್ದಿ ಹೇಗೆ ಬರುತ್ತದೆ ಎಂಬುದನ್ನು ಗಮನಿಸಬೇಕು. ನಡುವಿನ ನೋಡ್‌ಗೆ ಮುಂದಕ್ಕೆ ದಾಟಿಸಲು ಶಿಲ್ಕು ಸಾಲದಿದ್ದರೆ ಅದು `temporary_channel_failure` ಎಂಬ ಸಂಕೇತವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಅದನ್ನು ಓದಲು ಬರುವುದು ಕಳಿಸಿದವರ ನೋಡ್‌ಗೆ ಮಾತ್ರ. ಯಾವ ನೋಡ್ ಸೋಲು ಹೇಳಿತು ಎಂಬುದು ಅದರಿಂದ ಗೊತ್ತಾಗುತ್ತದೆ, ಎಷ್ಟು ಕೊರತೆಯಾಯಿತು ಎಂಬುದು ಗೊತ್ತಾಗುವುದಿಲ್ಲ. ಹೆಸರಿನಲ್ಲೇ ಇರುವಂತೆ ಅದು ತಾತ್ಕಾಲಿಕ: ಇಷ್ಟು ಮೊತ್ತ, ಈ ಕ್ಷಣ, ಈ ದಿಕ್ಕಿಗೆ ಆಗದು ಎಂದಷ್ಟೇ ಅದರ ಅರ್ಥ. ಮುಂದಿನ ನೋಡ್ ಸಂಪರ್ಕದಲ್ಲೇ ಇಲ್ಲದಿದ್ದರೆ `unknown_next_peer` ಬರಬಹುದು. `incorrect_or_unknown_payment_details` ಬಂದರೆ ಕತೆ ಬೇರೆ. ಅದು ಕಟ್ಟಕಡೆಯ ನೋಡ್ ಮಾತ್ರ ಹೇಳುವ ಮಾತು. ಪಾವತಿ ಗುರಿ ಮುಟ್ಟಿತು, ಆದರೆ ಇನ್‌ವಾಯ್ಸ್‌ನ ಅವಧಿ ಮುಗಿದಿದೆ ಇಲ್ಲವೇ ವಿವರ ಹೊಂದಲಿಲ್ಲ ಎಂದು ಅದರರ್ಥ. ಆಗ ದಾರಿಯ ಬಗ್ಗೆ ತಲೆಕೆಡಿಸಿಕೊಳ್ಳುವುದು ವ್ಯರ್ಥ, ಹೊಸ ಇನ್‌ವಾಯ್ಸ್ ಕೇಳಬೇಕು.

ಮೊಬೈಲ್ ವಾಲೆಟ್‌ಗಳು ಇದನ್ನೆಲ್ಲ ತೋರಿಸುವುದು ಕಡಿಮೆ. ಸ್ವಂತ ನೋಡ್ ನಡೆಸುವವರಿಗೆ ಪೂರ್ತಿ ದಾಖಲೆ ಸಿಗುತ್ತದೆ. ಬಹಳ ಬಳಕೆಯಲ್ಲಿರುವ `lnd` ತಂತ್ರಾಂಶದಲ್ಲಿ ಸೋತ ಪಾವತಿಗೆ `FAILURE_REASON_NO_ROUTE` ಎಂಬ ಕಾರಣ ಕಂಡರೆ ಅದು ಎರಡು ಬೇರೆ ಸ್ಥಿತಿಗಳನ್ನು ಒಟ್ಟಿಗೆ ಹೇಳುತ್ತಿರುತ್ತದೆ. ನಕ್ಷೆಯಲ್ಲಿ ದಾರಿಯೇ ಇರಲಿಲ್ಲ ಎಂಬುದು ಒಂದು, ಇದ್ದ ದಾರಿಗಳನ್ನೆಲ್ಲ ಪ್ರಯತ್ನಿಸಿ ಸೋತದ್ದಾಯಿತು ಎಂಬುದು ಇನ್ನೊಂದು. `lncli listpayments --include_incomplete` ಕೊಟ್ಟು ಆ ಪಾವತಿಯ `htlcs` ಪಟ್ಟಿ ನೋಡಿದರೆ ವ್ಯತ್ಯಾಸ ಬಯಲಾಗುತ್ತದೆ. ಪಟ್ಟಿ ಖಾಲಿಯಿದ್ದರೆ ಒಂದು ಪ್ರಯತ್ನವೂ ಹೊರಟಿಲ್ಲ. ತುಂಬಿದ್ದರೆ ಪ್ರತಿ ಪ್ರಯತ್ನದ ಕೆಳಗೆ ಹೀಗೆ ಇರುತ್ತದೆ:

```
"failure": {
    "code": "TEMPORARY_CHANNEL_FAILURE",
    "failure_source_index": 2
}
```

ಕೊನೆಯ ಸಾಲಿನ ಅಂಕಿಯೇ ಇಲ್ಲಿ ಬೆಲೆಬಾಳುವುದು. ಕಳಿಸುವವರು 0, ಮೊದಲ ನೋಡ್ 1, ಅದರ ಮುಂದಿನದು 2, ಹೀಗೆ ಎಣಿಸಬೇಕು.

ಒಂದು ಪಾವತಿಯನ್ನು ಹಿಡಿದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಒಂದು ಅಂಗಡಿಗೆ 5,00,000 ಸತೋಶಿ ಕೊಡಬೇಕಾಗಿದೆ. ಕಳಿಸುವವರಿಗೆ ಎರಡು ಚಾನಲ್‌ಗಳಿವೆ. ‘ಕ’ ಎಂಬ ನೋಡ್‌ನೊಂದಿಗಿನ ಚಾನಲ್‌ನ ಸಾಮರ್ಥ್ಯ 20 ಲಕ್ಷ, ಅದರಲ್ಲಿ ಕಳಿಸುವವರ ಶಿಲ್ಕು 6,00,000. ‘ಗ’ ನೋಡ್‌ನೊಂದಿಗಿನ ಚಾನಲ್‌ನ ಸಾಮರ್ಥ್ಯ 10 ಲಕ್ಷ, ಶಿಲ್ಕು 3,50,000. ವಾಲೆಟ್ ತೋರಿಸುವ ಒಟ್ಟು 9,50,000.

ಈ 9,50,000ವೂ ಖರ್ಚಿಗೆ ಸಿಗುವುದಿಲ್ಲ ಎಂಬುದು ಮೊದಲ ಪಾಠ. ಚಾನಲ್‌ನ ಪ್ರತಿ ಬದಿಯಲ್ಲೂ ಸಾಮಾನ್ಯವಾಗಿ ಸಾಮರ್ಥ್ಯದ ಶೇ. 1ರಷ್ಟು ಮುಟ್ಟಲಾಗದ ಮೀಸಲು ಇರಬೇಕು. ಮೋಸ ಮಾಡಲು ಹೊರಟವರಿಗೆ ಕಳೆದುಕೊಳ್ಳಲು ಏನಾದರೂ ಇರಲಿ ಎಂಬುದು ಅದರ ಉದ್ದೇಶ. ‘ಕ’ ಚಾನಲ್‌ನಲ್ಲಿ 20,000, ‘ಗ’ ಚಾನಲ್‌ನಲ್ಲಿ 10,000 ಹೀಗೆ ಕಟ್ಟಿಹಾಕಿಕೊಂಡಿರುತ್ತವೆ. ಉಳಿಯುವುದು 5,80,000 ಮತ್ತು 3,40,000. ಚಾನಲ್ ತೆರೆದವರು ಕಳಿಸುವವರೇ ಆಗಿದ್ದರೆ, ಚಾನಲ್ ಮುಚ್ಚಬೇಕಾದ ದಿನಕ್ಕೆಂದು ಬ್ಲಾಕ್‌ಚೈನ್ ಶುಲ್ಕವನ್ನೂ ಅವರ ಬದಿಯಿಂದಲೇ ತೆಗೆದಿಡಲಾಗುತ್ತದೆ. ಇದ್ದದ್ದೆಲ್ಲವನ್ನೂ ಕಳಿಸಲು ಹೋದವರ ಪಾವತಿ ಸೋಲುವುದು ಹೆಚ್ಚಾಗಿ ಇಲ್ಲಿ, ಸ್ವಂತ ಮನೆಯ ಹೊಸ್ತಿಲಲ್ಲೇ. ಆಗ ಬರುವ ಕಾರಣ ಸಾಮಾನ್ಯವಾಗಿ `FAILURE_REASON_INSUFFICIENT_BALANCE`.

ನಮ್ಮ ಉದಾಹರಣೆಯಲ್ಲಿ 5,00,000 ‘ಕ’ ಚಾನಲ್‌ನಲ್ಲಿ ಹಿಡಿಸುತ್ತದೆ. ನೋಡ್ ಕಂಡುಕೊಂಡ ಮೊದಲ ದಾರಿ ಕ, ಚ, ಟ, ಅಂಗಡಿ. ಚ ಮತ್ತು ಟ ನಡುವಿನ ಚಾನಲ್‌ನ ಸಾಮರ್ಥ್ಯ 10 ಲಕ್ಷ, ಆದರೆ ‘ಚ’ ಬದಿಯ ಶಿಲ್ಕು 2,10,000 ಮಾತ್ರ. ಇದು ಕಳಿಸುವವರಿಗೆ ಗೊತ್ತಿಲ್ಲ. ಪಾವತಿ ‘ಚ’ವರೆಗೆ ಹೋಗಿ ನಿಲ್ಲುತ್ತದೆ, `failure_source_index` 2 ಎಂದು ಬರುತ್ತದೆ. ನೋಡ್ ಆ ಚಾನಲ್‌ನ್ನು ಈ ಮೊತ್ತಕ್ಕೆ ಬಿಟ್ಟು ಇನ್ನೊಂದು ದಾರಿ ಹಿಡಿಯುತ್ತದೆ: ಕ, ಪ, ಟ, ಅಂಗಡಿ. ಈ ಸಲ ‘ಪ’ ದಾಟಿ ‘ಟ’ವರೆಗೆ ಹೋಗುತ್ತದೆ, ಸೋಲಿನ ಅಂಕಿ 3. ಅಂದರೆ ಅಂಗಡಿಯ ಬಾಗಿಲಿಗೆ ಬಂದು ಹಿಂದಿರುಗಿತು.

ಅಂಗಡಿಗೂ ಎರಡೇ ಚಾನಲ್‌ಗಳಿವೆ. ‘ಟ’ ಜೊತೆಗಿನದು 8 ಲಕ್ಷದ್ದು, ಅದರಲ್ಲಿ ‘ಟ’ ಬದಿಯಲ್ಲಿರುವುದು 4,00,000. ‘ಡ’ ಜೊತೆಗಿನದು 5 ಲಕ್ಷದ್ದು, ‘ಡ’ ಬದಿಯಲ್ಲಿರುವುದು 1,80,000. ಮೀಸಲು ಕಳೆದರೆ ಅಂಗಡಿಯೊಳಗೆ ‘ಟ’ ಮೂಲಕ 3,92,000, ‘ಡ’ ಮೂಲಕ 1,75,000 ಬರಬಹುದು. ಒಟ್ಟು 5,67,000. ಅಂಗಡಿಯವರ ಸ್ವಂತ ಶಿಲ್ಕು ಎಷ್ಟೇ ಇರಲಿ, ಹಣ ಪಡೆಯುವುದಕ್ಕೆ ಅದು ಉಪಯೋಗಕ್ಕಿಲ್ಲ. ಎದುರಿನವರ ಬದಿಯಲ್ಲಿ ಇರುವುದಷ್ಟೇ ಒಳಕ್ಕೆ ಸರಿಯಬಲ್ಲದು. ಹೀಗಾಗಿ 5,00,000ವನ್ನು ಇಡಿಯಾಗಿ ಯಾವ ದಾರಿಯಿಂದ ಕಳಿಸಿದರೂ, ಎಷ್ಟು ಶುಲ್ಕ ತೆತ್ತರೂ, ಅದು ಅಂಗಡಿಯೊಳಗೆ ಹೋಗುವಂತಿಲ್ಲ.

ಇಲ್ಲಿ ಕೆಲಸಕ್ಕೆ ಬರುವುದು ಮೊತ್ತವನ್ನು ಪಾಲು ಮಾಡುವುದು. 2020ರ ಸುಮಾರಿಗೆ ಮುಖ್ಯ ತಂತ್ರಾಂಶಗಳಲ್ಲಿ ಬಳಕೆಗೆ ಬಂದ ಈ ವ್ಯವಸ್ಥೆಯಲ್ಲಿ ಒಂದೇ ಇನ್‌ವಾಯ್ಸ್‌ನ ಹಣ ಹಲವು ಪಾಲುಗಳಾಗಿ ಬೇರೆ ಬೇರೆ ದಾರಿಗಳಲ್ಲಿ ಹೊರಡುತ್ತದೆ. ಎಲ್ಲ ಪಾಲುಗಳೂ ಸೇರುವವರೆಗೆ ಪಡೆಯುವವರ ನೋಡ್ ಒಂದನ್ನೂ ನಗದು ಮಾಡಿಕೊಳ್ಳದೆ ಕಾಯುತ್ತದೆ, ಕನಿಷ್ಠ 60 ಸೆಕೆಂಡು. ಒಂದು ಪಾಲು ಬರದೆ ಹೋದರೆ ಬಂದ ಪಾಲುಗಳೂ ಹಿಂದಿರುಗುತ್ತವೆ. ಅರ್ಧ ಪಾವತಿಯಾಯಿತು ಎಂಬ ಸ್ಥಿತಿ ಹುಟ್ಟುವುದಿಲ್ಲ.

`lnd` ಪಾಲು ಮಾಡುವ ರೀತಿ ಸರಳ: ಇಡಿಯಾಗಿ ದಾರಿ ಸಿಗದಿದ್ದರೆ ಎರಡು ಅರ್ಧ ಮಾಡುತ್ತದೆ, ಅದೂ ಸಿಗದಿದ್ದರೆ ಅರ್ಧವನ್ನು ಮತ್ತೆ ಅರ್ಧ ಮಾಡುತ್ತದೆ. ನಮ್ಮ ಪಾವತಿಯಲ್ಲಿ ಮೊದಲ 2,50,000 ಗ, ಟ ಮೂಲಕ ಅಂಗಡಿ ಸೇರುತ್ತದೆ. ಎರಡನೆಯ 2,50,000ಕ್ಕೆ ದಾರಿಯಿಲ್ಲ, ಏಕೆಂದರೆ ‘ಟ’ ಬಾಗಿಲಿನಲ್ಲಿ ಈಗ ಉಳಿದಿರುವುದು 1,42,000, ‘ಡ’ ಬಾಗಿಲಿನಲ್ಲಿ 1,75,000. ಅದು ಎರಡು 1,25,000ಗಳಾಗಿ ಒಡೆಯುತ್ತದೆ. ಒಂದು ಕ, ಡ ಮೂಲಕ ಒಳಗೆ ಹೋಗುತ್ತದೆ. ಇನ್ನೊಂದು ಕ, ಚ, ಟ ಮೂಲಕ ಹೋಗುತ್ತದೆ. 5,00,000ಕ್ಕೆ ಆಗದು ಎಂದ ಅದೇ ‘ಚ’ ನೋಡ್ 1,25,000ವನ್ನು ತಕರಾರಿಲ್ಲದೆ ದಾಟಿಸುತ್ತದೆ. ಮೂರು ಪಾಲುಗಳೂ ಸೇರಿದವು, ಪಾವತಿ ಮುಗಿಯಿತು.

ಇದನ್ನು ತಂತ್ರಾಂಶ ತಾನಾಗಿಯೇ ಮಾಡಬೇಕಾದರೆ ಅದಕ್ಕೆ ಮೂರು ಅನುಕೂಲಗಳನ್ನು ಕಳಿಸುವವರು ಕೊಡಬೇಕು: ಪಾಲು ಮಾಡುವ ಅನುಮತಿ, ಸಾಕಷ್ಟು ಸಮಯ, ಸಾಕಷ್ಟು ಶುಲ್ಕ. ಆಜ್ಞೆಯ ರೂಪ ಇದು:

```
lncli payinvoice --max_parts=8 --timeout=120s --fee_limit=1500 <invoice>
```

ಇವುಗಳಲ್ಲಿ ಶುಲ್ಕದ ಮಿತಿಯನ್ನೇ ಜನ ಹೆಚ್ಚಾಗಿ ಮರೆಯುತ್ತಾರೆ. ‘ದಾರಿ ಇಲ್ಲ’ ಎಂಬ ಉತ್ತರದ ನಿಜವಾದ ಅರ್ಥ ಎಷ್ಟೋ ಸಲ ‘ಇಷ್ಟು ಶುಲ್ಕದೊಳಗೆ ದಾರಿ ಇಲ್ಲ’ ಎಂಬುದಾಗಿರುತ್ತದೆ. ನಡುವಿನ ಪ್ರತಿ ನೋಡ್ ಒಂದು ನಿಗದಿ ಶುಲ್ಕವನ್ನೂ ಮೊತ್ತದ ಮೇಲೆ ಹತ್ತು ಲಕ್ಷಕ್ಕಿಷ್ಟು ಎಂಬ ದರವನ್ನೂ ಹಾಕುತ್ತದೆ. ದರ 200 ಎಂದಿದ್ದರೆ 5,00,000 ಸತೋಶಿಗೆ 100 ಸತೋಶಿ. ಅಗ್ಗದ ದರದ ಚಾನಲ್‌ಗಳತ್ತ ಎಲ್ಲರ ನೋಡ್‌ಗಳೂ ನುಗ್ಗುವುದರಿಂದ ಜನ ಹೋಗುವ ದಿಕ್ಕಿನಲ್ಲಿ ಅವುಗಳ ಶಿಲ್ಕು ಬೇಗ ಬರಿದಾಗುತ್ತದೆ. ಚಾನಲ್ ನಡೆಸುವವರು ಉಳಿದ ಶಿಲ್ಕನ್ನು ಕಾಪಾಡಿಕೊಳ್ಳಲು ದರ ಏರಿಸುತ್ತಾರೆ. ಹೀಗೆ ನಕ್ಷೆಯಲ್ಲಿ ಅಗ್ಗವಾಗಿ ಕಾಣುವ ದಾರಿ ಬರಿದಾಗಿರುವ ಸಂಭವ ಹೆಚ್ಚು, ಹಣ ನಿಜವಾಗಿ ಸಾಗಬಲ್ಲ ದಾರಿ ತುಸು ದುಬಾರಿ. ಮಿತಿಯನ್ನು 500ರಿಂದ 1,500 ಸತೋಶಿಗೆ ಏರಿಸಿದರೆ, ಅಂದರೆ ಮೊತ್ತದ ಶೇ. 0.1ರಿಂದ 0.3ಕ್ಕೆ, ಅಷ್ಟೂ ಖರ್ಚಾಗುತ್ತದೆ ಎಂದಲ್ಲ. ಅದು ಗರಿಷ್ಠ ಮಿತಿ, ನೋಡ್ ಮೊದಲು ಕಡಿಮೆಯದನ್ನೇ ಹುಡುಕುತ್ತದೆ. ಮೊಬೈಲ್ ವಾಲೆಟ್‌ಗಳಲ್ಲೂ ಹಲವು ಕಡೆ ಈ ಮಿತಿಯನ್ನು ಬದಲಿಸುವ ಆಯ್ಕೆ ಸೆಟ್ಟಿಂಗ್‌ನಲ್ಲಿರುತ್ತದೆ. ನಡುದಾರಿಯ ಸೋಲಿಗೆ ಇದಕ್ಕಿಂತ ಪರಿಣಾಮಕಾರಿಯಾದ ಮೊದಲ ಕ್ರಮ ಇನ್ನೊಂದಿಲ್ಲ.

ಪಾಲು ಮಾಡುವುದಕ್ಕೆ ಒಂದು ಮಿತಿಯಿದೆ. ಮೇಲಿನ ಸಂಭವದ ಲೆಕ್ಕ ಶಿಲ್ಕು ಎಲ್ಲಿ ಬೇಕಾದರೂ ಇರಬಹುದೆಂದು ಊಹಿಸುತ್ತದೆ. ವಾಸ್ತವದಲ್ಲಿ ಯಾರೂ ನಿಗಾ ಇಡದ ಎಷ್ಟೋ ಚಾನಲ್‌ಗಳ ಹಣವೆಲ್ಲ ಒಂದೇ ಬದಿಗೆ ಸರಿದು ಕುಳಿತಿರುತ್ತದೆ. ಅಂಥ ಕಡೆ ದೊಡ್ಡ ಮೊತ್ತ ಸೋಲುವಂತೆಯೇ ಸಣ್ಣದೂ ಸೋಲುತ್ತದೆ. ಪಾಲುಗಳು ಹೆಚ್ಚಿದಷ್ಟೂ ಪ್ರತಿ ಪಾಲಿಗೆ ನಿಗದಿ ಶುಲ್ಕ ಬೇರೆ ಬೀಳುತ್ತದೆ. ಹದಿನಾರಕ್ಕೆ ಒಡೆದರೂ ಹೋಗದ ಪಾವತಿಯನ್ನು ಇನ್ನಷ್ಟು ಚೂರು ಮಾಡುವುದರಿಂದ ಪ್ರಯೋಜನ ಕಾಣುವುದು ಅಪರೂಪ. ವಾಲೆಟ್‌ಗೆ ಪಾಲು ಮಾಡಲು ಬರದಿದ್ದರೆ ಮಾತ್ರ ಪಡೆಯುವವರಿಂದ ಚಿಕ್ಕ ಮೊತ್ತದ ಎರಡು ಮೂರು ಇನ್‌ವಾಯ್ಸ್‌ಗಳನ್ನು ಕೇಳಿ ಒಂದೊಂದಾಗಿ ಸಲ್ಲಿಸಬಹುದು. ಆಗ ಒಂದು ಹೋಗಿ ಇನ್ನೊಂದು ನಿಲ್ಲುವ ಸಾಧ್ಯತೆ ಇರುತ್ತದೆ ಎಂಬುದನ್ನು ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕು.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸುವುದೂ ವ್ಯರ್ಥವಲ್ಲ. ಬೇರೆಯವರ ಪಾವತಿಗಳು ಎದುರು ದಿಕ್ಕಿನಲ್ಲಿ ಹರಿದರೆ ಬರಿದಾದ ಬದಿ ಮತ್ತೆ ತುಂಬುತ್ತದೆ. ಆದರೆ ಸೆಕೆಂಡಿಗೊಮ್ಮೆ ಗುಂಡಿ ಒತ್ತುತ್ತ ಕೂರುವುದರಲ್ಲಿ ಅರ್ಥವಿಲ್ಲ. ನೋಡ್ ಹಿಂದಿನ ಸೋಲುಗಳನ್ನು ನೆನಪಿಟ್ಟುಕೊಂಡು ಆ ಚಾನಲ್‌ಗಳನ್ನು ದೂರ ಇಡುತ್ತದೆ. `lnd`ಯಲ್ಲಿ ಈ ಮುನಿಸು ತಾನಾಗಿ ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುವಂತೆ ಹೊಂದಿಸಲಾಗಿದೆ. ನೆನಪು ಹಳತಾಗಿ ಒಳ್ಳೆಯ ದಾರಿಗಳನ್ನೂ ಬಿಡುತ್ತಿದೆ ಎಂದು ತೋರಿದರೆ `lncli resetmc` ಕೊಟ್ಟು ಅಳಿಸಬಹುದು. ಇದು ಕೊನೆಯ ಉಪಾಯವಾಗಿರಲಿ. ಕಷ್ಟಪಟ್ಟು ಕಲಿತ ನಿಜವಾದ ಮಾಹಿತಿಯೂ ಅದರ ಜೊತೆಗೇ ಹೋಗುತ್ತದೆ.

ಒಂದು ಪ್ರಯತ್ನವೂ ಹೊರಡದೆ ‘ದಾರಿ ಇಲ್ಲ’ ಎಂದು ಬಂದಾಗ ನೋಡಬೇಕಾದದ್ದು ಬೇರೆ. ಕಳಿಸುವವರ ಚಾನಲ್‌ನ ಎದುರು ನೋಡ್ ಸಂಪರ್ಕ ಕಳೆದುಕೊಂಡಿದ್ದರೆ ಆ ಚಾನಲ್‌ನ ಶಿಲ್ಕು ಲೆಕ್ಕದಲ್ಲಿ ಕಾಣುತ್ತದೆ, ಬಳಕೆಗೆ ಸಿಗುವುದಿಲ್ಲ. `lncli listchannels --active_only` ಎಂದರೆ ಬದುಕಿರುವ ಚಾನಲ್‌ಗಳಷ್ಟೇ ಬರುತ್ತವೆ. ಮೇಲಿನ ಉದಾಹರಣೆಯಲ್ಲಿ ‘ಕ’ ಸಂಪರ್ಕ ತಪ್ಪಿದ್ದರೆ ಕಳಿಸುವವರ ಬಳಿ ಉಳಿಯುವುದು 3,40,000 ಮಾತ್ರ, 5,00,000ದ ಪಾವತಿ ಹೊರಡುವುದೇ ಇಲ್ಲ. ನೋಡ್ ಈಗಷ್ಟೇ ಶುರುವಾಗಿದ್ದರೆ ಜಾಲದ ನಕ್ಷೆ ಪೂರ್ತಿ ಬಂದಿರುವುದಿಲ್ಲ, ಸ್ವಲ್ಪ ಕಾಯಬೇಕು. ಮೂರನೆಯ ಕಾರಣ ಇನ್‌ವಾಯ್ಸ್‌ನಲ್ಲಿರುತ್ತದೆ. ಪಡೆಯುವವರ ಚಾನಲ್‌ಗಳು ಖಾಸಗಿಯಾಗಿದ್ದರೆ ಅವು ಸಾರ್ವಜನಿಕ ನಕ್ಷೆಯಲ್ಲಿ ಇರುವುದಿಲ್ಲ, ಕೊನೆಯ ಕೊಂಡಿಯ ಸುಳಿವನ್ನು ಇನ್‌ವಾಯ್ಸ್‌ನೊಳಗೇ ಬರೆದು ಕೊಡಬೇಕು. `lncli decodepayreq` ಮೂಲಕ ಇನ್‌ವಾಯ್ಸ್ ಬಿಡಿಸಿ ನೋಡಿದಾಗ `route_hints` ಖಾಲಿಯಿದ್ದು, ನಕ್ಷೆಯಲ್ಲಿ ಆ ನೋಡ್‌ಗೆ ಚಾನಲ್‌ಗಳೂ ಇಲ್ಲದಿದ್ದರೆ ಕಳಿಸುವವರ ಕಡೆಯಿಂದ ಮಾಡುವುದೇನೂ ಉಳಿದಿಲ್ಲ. ಸುಳಿವು ಸೇರಿಸಿದ ಇನ್‌ವಾಯ್ಸ್ ಕೇಳಬೇಕು. ಪಡೆಯುವವರದು ಮೊಬೈಲ್ ವಾಲೆಟ್ ಆಗಿದ್ದರೆ ಅದನ್ನು ತೆರೆದಿಟ್ಟುಕೊಳ್ಳಲು ಹೇಳುವುದೂ ಒಳ್ಳೆಯದು. ಫೋನು ನಿದ್ದೆಯಲ್ಲಿದ್ದರೆ ಬಾಗಿಲವರೆಗೆ ಬಂದ ಪಾವತಿ ಹಿಂದಿರುಗುತ್ತದೆ.

ಸೋಲುಗಳೆಲ್ಲ ಕೊನೆಯ ನೋಡ್‌ಗಿಂತ ಒಂದು ಹೆಜ್ಜೆ ಹಿಂದೆಯೇ ಆಗುತ್ತಿದ್ದರೆ, ದಾರಿ ಬದಲಾದರೂ ಸೋಲುವ ಜಾಗ ಬದಲಾಗದಿದ್ದರೆ, ಕೊರತೆ ಇರುವುದು ಪಡೆಯುವವರ ಬಾಗಿಲಲ್ಲಿ. ನಮ್ಮ ಅಂಗಡಿಯ ಇನ್‌ವಾಯ್ಸ್ 5,00,000ದ ಬದಲು 6,00,000ದ್ದಾಗಿದ್ದರೆ 5,67,000ದ ಆ ಬಾಗಿಲಲ್ಲಿ ಅದು ಎಷ್ಟು ಪಾಲಾದರೂ ಹಿಡಿಸುತ್ತಿರಲಿಲ್ಲ. ಇದನ್ನು ಪಡೆಯುವವರಿಗೆ ತಿಳಿಸಬೇಕು, ಏಕೆಂದರೆ ಅವರ ಪರದೆಯ ಮೇಲೆ ಈ ಸೋಲಿನ ಸುಳಿವೂ ಇರುವುದಿಲ್ಲ. ಅವರು ತಮ್ಮ ಚಾನಲ್‌ನಿಂದ ಬೇರೆಯವರಿಗೆ ಪಾವತಿ ಮಾಡಿದರೆ ಅಷ್ಟು ಜಾಗ ಒಳಕ್ಕೆ ತೆರವಾಗುತ್ತದೆ. ಲೂಪ್ ಅಥವಾ ಬೋಲ್ಟ್ಜ್‌ನಂಥ ಸೇವೆಗಳ ಮೂಲಕ ಚಾನಲ್‌ನ ಹಣವನ್ನು ಬ್ಲಾಕ್‌ಚೈನ್‌ಗೆ ಬದಲಾಯಿಸಿಕೊಂಡರೂ ಅದೇ ಫಲ. ಶುಲ್ಕ ಕೊಟ್ಟು ಬೇರೊಬ್ಬರಿಂದ ತಮ್ಮ ಕಡೆಗೆ ಚಾನಲ್ ತೆರೆಸಿಕೊಳ್ಳುವುದೂ ಇದೆ.

ಕಳಿಸುವವರೇ ಮಾಡಬಹುದಾದ ಒಂದು ಕೆಲಸವಿದೆ: ಅಂಗಡಿಯ ನೋಡ್‌ನೊಂದಿಗೆ ನೇರವಾಗಿ ಹೊಸ ಚಾನಲ್ ತೆರೆಯುವುದು. ಹೊಸ ಚಾನಲ್‌ನ ಹಣವೆಲ್ಲ ಆರಂಭದಲ್ಲಿ ತೆರೆದವರ ಬದಿಯಲ್ಲಿರುತ್ತದೆ, ಅದು ಅಂಗಡಿಯ ದೃಷ್ಟಿಯಿಂದ ಒಳಬರುವ ಜಾಗ. ನಡುವೆ ಯಾರೂ ಇಲ್ಲದ್ದರಿಂದ ಊಹೆಯ ಮಾತೇ ಇಲ್ಲ. 6,00,000 ಕಳಿಸಬೇಕಾದರೆ ಮೀಸಲು ಮತ್ತು ಶುಲ್ಕಗಳನ್ನು ನೆನೆದು 6,25,000ದಷ್ಟು ದೊಡ್ಡ ಚಾನಲ್ ಬೇಕು. ತೆರೆಯುವುದಕ್ಕೆ ಬ್ಲಾಕ್‌ಚೈನ್ ಶುಲ್ಕ ಬೀಳುತ್ತದೆ. ಸಾಮಾನ್ಯವಾಗಿ 3ರಿಂದ 6 ಬ್ಲಾಕ್‌ಗಳ ದೃಢೀಕರಣಕ್ಕೆ ಕಾಯಬೇಕು, ಅಂದರೆ ಸರಾಸರಿ ಅರ್ಧ ಗಂಟೆಯಿಂದ ಒಂದು ಗಂಟೆ. ಒಂದೇ ಸಲದ ಪಾವತಿಗಾದರೆ ಇದು ದುಬಾರಿ. ಆ ಅಂಗಡಿಯೊಂದಿಗೆ ಮತ್ತೆ ಮತ್ತೆ ವ್ಯವಹಾರವಿದ್ದರೆ ಲಾಭದಾಯಕ. ಒಂದೇ ಸಲದ್ದಾದರೆ ಪಡೆಯುವವರಿಂದ ಬಿಟ್‌ಕಾಯಿನ್ ವಿಳಾಸ ಕೇಳಿ ಬ್ಲಾಕ್‌ಚೈನ್ ಮೇಲೆಯೇ ಕಳಿಸುವುದು ಸರಳ. ಅಲ್ಲಿ ದಾರಿಯ ಪ್ರಶ್ನೆಯಿಲ್ಲ, ದೊಡ್ಡ ಮೊತ್ತಕ್ಕೂ ಶುಲ್ಕ ಮೊತ್ತದಂತೆ ಏರುವುದಿಲ್ಲ.

ಹಣವನ್ನು ತಾವೇ ಹಿಡಿದಿಟ್ಟುಕೊಂಡು ಬಳಕೆದಾರರಿಗೆ ಲೆಕ್ಕವಷ್ಟೇ ತೋರಿಸುವ ವಾಲೆಟ್ ಸೇವೆಗಳಲ್ಲಿ ಇವುಗಳಲ್ಲಿ ಹೆಚ್ಚಿನವು ಬಳಕೆದಾರರ ಕೈಯಲ್ಲಿಲ್ಲ. ಚಾನಲ್‌ಗಳು ಸೇವೆಯವರವು, ದಾರಿ ಹುಡುಕುವುದೂ ಅವರೇ. ಫೀನಿಕ್ಸ್‌ನಂಥ ವಾಲೆಟ್‌ನಲ್ಲಿ ಹಣ ಬಳಕೆದಾರರದೇ, ಆದರೆ ಚಾನಲ್ ಇರುವುದು ಅದನ್ನು ರೂಪಿಸಿದ ಅಸಿಂಕ್ ಕಂಪನಿಯ ನೋಡ್‌ನೊಂದಿಗೆ, ಮುಂದಿನ ದಾರಿಯನ್ನು ಆ ನೋಡ್ ಲೆಕ್ಕಹಾಕುತ್ತದೆ. ಇಂಥ ಕಡೆ ಮೊತ್ತ ಇಳಿಸಿ ನೋಡುವುದು, ಸ್ವಲ್ಪ ಹೊತ್ತು ಬಿಟ್ಟು ಕಳಿಸುವುದು, ಬ್ಲಾಕ್‌ಚೈನ್ ವಿಳಾಸ ಕೇಳುವುದು ಇಷ್ಟು ಉಳಿಯುತ್ತವೆ. ಬೇರೊಬ್ಬರಿಗೆ ಸಣ್ಣ ಮೊತ್ತ ಕಳಿಸಿ ಅದು ಹೋಯಿತೇ ನೋಡಿದರೆ ತೊಂದರೆ ತಮ್ಮ ಕಡೆಯದೋ ಪಡೆಯುವವರ ಕಡೆಯದೋ ಎಂಬುದರ ಅಂದಾಜು ಸಿಗುತ್ತದೆ.

ಮತ್ತೆ ಕಳಿಸುವ ಮುನ್ನ ಒಂದನ್ನು ಖಚಿತಪಡಿಸಿಕೊಳ್ಳಲೇಬೇಕು: ಮೊದಲ ಪಾವತಿ ನಿಜಕ್ಕೂ ಸೋತಿದೆಯೇ, ಇನ್ನೂ ದಾರಿಯಲ್ಲಿದೆಯೇ? ಎರಡೂ ಕಳಿಸುವವರ ಕಣ್ಣಿಗೆ ‘ಹೋಗಲಿಲ್ಲ’ ಎಂದೇ ತೋರುತ್ತವೆ, ಆದರೆ ಪರಿಣಾಮ ಬೇರೆ. `FAILED` ಎಂದಿದ್ದರೆ ಹಣ ಹಿಂದಿರುಗಿದೆ, ನಿಶ್ಚಿಂತೆಯಿಂದ ಮತ್ತೆ ಪ್ರಯತ್ನಿಸಬಹುದು. `IN_FLIGHT` ಎಂದಿದ್ದರೆ ಯಾವುದೋ ನಡುವಿನ ನೋಡ್ ಸುದ್ದಿ ಕೊಡದೆ ನಿಂತಿದೆ, ಹಣ ದಾರಿಯಲ್ಲಿ ತಡೆದುಕೊಂಡಿದೆ, ಅದು ಇನ್ನೂ ಅಂಗಡಿ ಮುಟ್ಟಬಹುದು. ಅದೇ ಇನ್‌ವಾಯ್ಸ್‌ನ್ನು ಮತ್ತೆ ಕೊಟ್ಟರೆ ನೋಡ್ ತಾನೇ ತಡೆಯುತ್ತದೆ, ಏಕೆಂದರೆ ಗುರುತು ಒಂದೇ. ಅಪಾಯವಿರುವುದು ಹೊಸ ಇನ್‌ವಾಯ್ಸ್ ತರಿಸಿಕೊಂಡು ಕಟ್ಟುವುದರಲ್ಲಿ. ಅದರ ಗುರುತು ಬೇರೆಯಾದ್ದರಿಂದ ಎರಡೂ ಯಶಸ್ವಿಯಾಗಿ ಎರಡು ಸಲ ಹಣ ಹೋಗಿಬಿಡಬಹುದು. ಜಾಲದಲ್ಲಿ ಅದನ್ನು ವಾಪಸು ಪಡೆಯುವ ಗುಂಡಿಯಿಲ್ಲ, ಅಂಗಡಿಯವರೇ ಹಿಂದಿರುಗಿಸಬೇಕು. ಅವಸರವಿದ್ದರೆ ಹಳೆಯ ಇನ್‌ವಾಯ್ಸ್‌ನ್ನು ರದ್ದು ಮಾಡಲು ಪಡೆಯುವವರಿಗೆ ಹೇಳಿ, ರದ್ದಾದ ಮೇಲೆ ಹೊಸದನ್ನು ಕಟ್ಟುವುದು ಸುರಕ್ಷಿತ.

ಹಾಗೆ ದಾರಿಯಲ್ಲಿ ನಿಂತ ಹಣಕ್ಕೆ ಕಾಲಮಿತಿಯಿದೆ, ಅದು ಗಡಿಯಾರದಲ್ಲಿ ಅಲ್ಲ, ಬ್ಲಾಕ್‌ಗಳಲ್ಲಿ ಎಣಿಕೆಯಾಗುತ್ತದೆ. ಪ್ರತಿ ಕೊಂಡಿಯೂ ತನ್ನ ಪಾಲಿನ ಕಾಯುವಿಕೆಯನ್ನು ಸೇರಿಸುತ್ತದೆ. ಒಂದಕ್ಕೆ 40, ಇನ್ನೊಂದಕ್ಕೆ 80, ಮತ್ತೊಂದಕ್ಕೆ 144 ಬ್ಲಾಕ್‌ಗಳಿರಬಹುದು. ದಿನಕ್ಕೆ ಸುಮಾರು 144 ಬ್ಲಾಕ್‌ಗಳು ಹುಟ್ಟುವುದರಿಂದ ಈ ಮೂರು ಸೇರಿದರೆ ಎರಡು ದಿನಕ್ಕೆ ತುಸು ಕಡಿಮೆ. ಆ ಅವಧಿಯೊಳಗೆ ನಿಂತಿದ್ದ ನೋಡ್ ಎಚ್ಚರಗೊಂಡರೆ ಪಾವತಿ ಗೆಲ್ಲುತ್ತದೆ ಇಲ್ಲವೇ ಸೋಲುತ್ತದೆ. ಎಚ್ಚರಗೊಳ್ಳದಿದ್ದರೆ ಅದರ ಹಿಂದಿನ ನೋಡ್ ಆ ಚಾನಲ್‌ನ್ನು ಬಲವಂತವಾಗಿ ಮುಚ್ಚಿ ಬ್ಲಾಕ್‌ಚೈನ್ ಮೇಲೆ ತನ್ನ ಹಣ ಬಿಡಿಸಿಕೊಳ್ಳುತ್ತದೆ, ಸೋಲಿನ ಸುದ್ದಿಯನ್ನು ಹಿಂದಕ್ಕೆ ದಾಟಿಸುತ್ತದೆ, ಕಳಿಸಿದವರ ಶಿಲ್ಕು ಮೊದಲಿನಷ್ಟೇ ಆಗುತ್ತದೆ.